ರೂಮಲ್ಲಿ ಗುಂಯ್ ಅನ್ನುತ್ತದೆ, 6,500 ರೂಪಾಯಿ ಮೈಕ್ ತಗೊಂಡರೆ ಹೋಗುತ್ತಾ?

ಕಥೆಅಕ್ಕ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಾಡಿಗೆ ಮನೆ ನಮ್ಮದು. ನಮ್ಮಜ್ಜಿ ಹೇಳುತ್ತಿದ್ದ ಕಥೆಗಳನ್ನು ಬರೆದಿಟ್ಟುಕೊಂಡಿದ್ದೆ. ಈಗ ಅವನ್ನೇ ಓದಿ ರೆಕಾರ್ಡ್ ಮಾಡಿ ತಂಗಿಯ ಮಕ್ಕಳಿಗೆ ಕಳಿಸುತ್ತಿದ್ದೇನೆ. ಎಂಟು ಕಥೆ ಆಗಿದೆ. ಮೊನ್ನೆ ತಂಗಿ ಫೋನ್ ಮಾಡಿ "ಕಥೆ ಚೆನ್ನಾಗಿದೆ, ಆದರೆ ಬಚ್ಚಲಲ್ಲಿ ಕೂತು ಹೇಳಿದ ಹಾಗಿದೆ ಕಣೇ" ಅಂದಳು. ಕೇಳಿ ನೋಡಿದರೆ ನಿಜ.

ರೂಮು 10ಕ್ಕೆ 10, ಎತ್ತರವೂ ಸುಮಾರು 10 ಅಡಿ. ನೆಲಕ್ಕೆ ಟೈಲ್ಸ್. ಒಂದು ಸ್ಟೀಲ್ ಬೀರು, ಟೇಬಲ್, ಪ್ಲಾಸ್ಟಿಕ್ ಕುರ್ಚಿ, ಕಿಟಕಿಗೆ ತೆಳು ಪರದೆ. ಫೋನನ್ನು ಟೇಬಲ್ ಮೇಲೆ ಡಬ್ಬಿಗೆ ಒರಗಿಸಿಟ್ಟು ಎರಡಡಿ ದೂರ ಕೂತು ಓದುತ್ತೇನೆ. ವಿಚಿತ್ರ ಅಂದರೆ, ಓದುವಾಗ ನನಗೆ ಏನೂ ಗೊತ್ತಾಗುವುದಿಲ್ಲ. ರೆಕಾರ್ಡ್ ಆದದ್ದು ಕೇಳಿದಾಗ ಮಾತ್ರ ಗುಂಯ್.

6,500 ರೂಪಾಯಿಯ ಒಂದು ಯುಎಸ್‌ಬಿ ಮೈಕ್ ನೋಡಿಟ್ಟಿದ್ದೇನೆ. ತಗೊಳ್ಳಲಾ?

ಸುಮ್ನೆಓದುವವ
ಮೊದಲು ಕಥೆ ಇಲ್ಲಿ ಹಾಕಿ ಅಕ್ಕ, ಆಮೇಲೆ ಮೈಕ್ ಮಾತು.

ಮೈಕ್‌ಮಂಜಣ್ಣ
ಆ ಯುಎಸ್‌ಬಿ ಮೈಕ್ ಬೇಡವೇ ಬೇಡ. ಅವು ಹೆಚ್ಚಿನವು ಕಂಡೆನ್ಸರ್. ಕಂಡೆನ್ಸರ್ ಅಂದರೆ ರೂಮನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ಟೇಜ್ ಮೇಲೆ ಹಿಡಿಯುವ ಡೈನಾಮಿಕ್ ಮೈಕ್ ತಗೊಳ್ಳಿ. 30 ವರ್ಷದಿಂದ ಮದುವೆ, ಜಾತ್ರೆ, ನಾಟಕಕ್ಕೆ ಸೌಂಡ್ ಹಾಕುತ್ತಿದ್ದೇನೆ. ತಗಡಿನ ಕಲ್ಯಾಣ ಮಂಟಪದಲ್ಲೂ ಭಾಷಣ ಸ್ಪಷ್ಟ ಕೇಳಿಸಿದ್ದೇನೆ.

ಮೂರನೇಮಹಡಿ
ನನ್ನದೂ ಇದೇ ಸಮಸ್ಯೆ. ಪಕ್ಕದ ಮನೆಯವರು ಬೆಳಗ್ಗೆ ಆರಕ್ಕೇ ಮಿಕ್ಸಿ ಹಾಕುತ್ತಾರೆ. ಆಮೇಲೆ ಕುಕ್ಕರ್ ಸೀಟಿ. ಗೋಡೆಗೆ ಏನು ಅಂಟಿಸಿದರೆ ನಿಲ್ಲುತ್ತದೆ?

ಡಬ್ಬಿಂಗ್‌ಬೆಕ್ಕು
ಕಥೆಅಕ್ಕ, ಸದ್ಯಕ್ಕೆ ಯಾವ ಮೈಕೂ ಬೇಡ. ನಾನು ಹನ್ನೆರಡು ವರ್ಷ ಡಬ್ಬಿಂಗ್ ಥಿಯೇಟರಿನಲ್ಲಿ ಕೆಲಸ ಮಾಡಿದವನು. ನಿಮ್ಮ ರೂಮಿನ ಲೆಕ್ಕವನ್ನೇ ಹಾಕಿ ತೋರಿಸುತ್ತೇನೆ.

ಶಬ್ದಕ್ಕೆ ರೂಮಿನಿಂದ ಹೊರಗೆ ಹೋಗಲು ಇರುವ ದಾರಿ ಎಂದರೆ ತೆರೆದ ಕಿಟಕಿ. ಅಲ್ಲಿಗೆ ಹೋದ ಶಬ್ದ ವಾಪಸ್ ಬರುವುದಿಲ್ಲ. ಸಿಮೆಂಟ್ ಗೋಡೆ, ಟೈಲ್ಸು, ಗಾಜು ಇವೆಲ್ಲ ತಮಗೆ ಬಡಿದ ಶಬ್ದದಲ್ಲಿ ನೂರಕ್ಕೆ ಎರಡೋ ಮೂರೋ ಪಾಲು ಮಾತ್ರ ಹೀರುತ್ತವೆ, ಉಳಿದದ್ದು ವಾಪಸ್. ನಿಮ್ಮ ರೂಮಿನ ನಾಲ್ಕು ಗೋಡೆ, ನೆಲ, ತಾರಸಿ ಸೇರಿ 600 ಚದರಡಿ. ನೂರಕ್ಕೆ ಮೂರರಂತೆ ಹಿಡಿದರೆ 18 ಚದರಡಿ ತೆರೆದ ಕಿಟಕಿ ಇದ್ದ ಹಾಗೆ. ನಿಮ್ಮ ಮೈ, ಸೀರೆ, ತೆಳು ಪರದೆ ಎಲ್ಲ ಸೇರಿಸಿ 25 ಎನ್ನೋಣ. ಸೂತ್ರ ಇಷ್ಟೇ: ರೂಮಿನ ಘನ ಅಡಿಯನ್ನು 0.049ರಿಂದ ಗುಣಿಸಿ, ಈ 25ರಿಂದ ಭಾಗಿಸಿ. 1,000 ಘನ ಅಡಿಗೆ ಸುಮಾರು 2 ಸೆಕೆಂಡ್ ಬರುತ್ತದೆ. ಅಂದರೆ ನೀವು ಬಾಯಿ ಮುಚ್ಚಿದ ಮೇಲೂ ದನಿ ಪೂರ್ತಿ ಸಾಯಲು ಎರಡು ಸೆಕೆಂಡ್ ತಗೊಳ್ಳುತ್ತದೆ. ಅಷ್ಟರಲ್ಲಿ ನೀವು ಐದಾರು ಪದ ಮುಂದೆ ಹೋಗಿರುತ್ತೀರಿ. ಹಳೇ ಪದಗಳ ಬಾಲ ಹೊಸ ಪದಗಳ ಮೇಲೆ ಬೀಳುತ್ತಲೇ ಇರುತ್ತದೆ.

ಈಗ ಮುಖ್ಯ ವಿಷಯ. ಬಾಯಿಂದ ನೇರ ಬರುವ ದನಿ ದೂರ ಹೋದ ಹಾಗೆ ಬೇಗ ಸೊರಗುತ್ತದೆ. ಗೋಡೆಯಿಂದ ವಾಪಸ್ ಬರುವ ಗುಂಯ್ ಮಾತ್ರ ರೂಮಿನ ತುಂಬ ಹೆಚ್ಚುಕಮ್ಮಿ ಒಂದೇ ಸಮ. ಎರಡೂ ಸರಿಸಮ ಆಗುವ ಒಂದು ದೂರ ಇರುತ್ತದೆ. ನಿಮ್ಮ ರೂಮಿಗೆ ಅದು ಸುಮಾರು 22 ಸೆಂಟಿಮೀಟರ್. ಒಂದು ಗೇಣು! ಫೋನ್ ಒಂದು ಗೇಣಿಗಿಂತ ದೂರ ಹೋದರೆ ನಿಮಗಿಂತ ಗೋಡೆಯೇ ಜಾಸ್ತಿ ಮಾತಾಡುತ್ತದೆ. ಎರಡಡಿಯಲ್ಲಿ ಗುಂಯ್ ಶಕ್ತಿ ನಿಮ್ಮ ನೇರ ದನಿಗಿಂತ ಏಳೆಂಟು ಪಟ್ಟು. ಅದೇ ಫೋನನ್ನು ನಾಲ್ಕಿಂಚಿಗೆ ತಂದರೆ ನಿಮ್ಮ ದನಿ ಅದಕ್ಕಿಂತ ಸುಮಾರು ಐದು ಪಟ್ಟು ಮೇಲೆ. ಖರ್ಚು ಸೊನ್ನೆ.

ಸುಮ್ನೆಓದುವವ
ಎಲ್ಲ ಕಿಟಕಿ ತೆಗೆದಿಟ್ಟರೆ ಆಯಿತಲ್ಲ ಹಾಗಾದರೆ 😄

ಡಬ್ಬಿಂಗ್‌ಬೆಕ್ಕು
ಗುಂಯ್ ನಿಜವಾಗಿಯೂ ಕಮ್ಮಿ ಆಗುತ್ತದೆ. ಬದಲಿಗೆ ತರಕಾರಿ ಗಾಡಿಯವರು ಕಥೆಯೊಳಗೆ ಬರುತ್ತಾರೆ.

ಮೈಕ್‌ಮಂಜಣ್ಣ
ಬೆಕ್ಕಣ್ಣ, ಲೆಕ್ಕ ಚೆಂದ ಇದೆ. ಆದರೆ ಅನುಭವ ಬೇರೆ ಹೇಳುತ್ತದೆ. ಒಂದೇ ರೂಮಲ್ಲಿ ಕಂಡೆನ್ಸರ್ ಇಟ್ಟು ನೋಡಿದ್ದೇನೆ, ಡೈನಾಮಿಕ್ ಇಟ್ಟು ನೋಡಿದ್ದೇನೆ. ಡೈನಾಮಿಕ್‌ನಲ್ಲಿ ಗುಂಯ್ ಕಮ್ಮಿಯೇ.

ಡಬ್ಬಿಂಗ್‌ಬೆಕ್ಕು
ಎಷ್ಟು ದೂರದಲ್ಲಿ ಇಟ್ಟಿದ್ದಿರಿ ಮಂಜಣ್ಣ? ಡೈನಾಮಿಕ್ ಮೈಕನ್ನು ಎಲ್ಲರೂ ತುಟಿಗೆ ತಾಗಿಸಿಯೇ ಹಿಡಿಯುತ್ತಾರೆ. ಕಂಡೆನ್ಸರನ್ನು ಸ್ಟ್ಯಾಂಡಿಗೆ ಹಾಕಿ ಒಂದಡಿ ದೂರ ಕೂರುತ್ತಾರೆ. ವ್ಯತ್ಯಾಸ ಬರುವುದು ಅಲ್ಲಿಂದ. ಎರಡನ್ನೂ ಒಂದೇ ದೂರದಲ್ಲಿಟ್ಟು, ದನಿ ಸಮ ಮಾಡಿ ಕೇಳಿ. ಒಂದೇ ತರಹ ದಿಕ್ಕು ಹಿಡಿಯುವ ಮೈಕುಗಳಾಗಿದ್ದರೆ ಗುಂಯ್ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಕಂಡೆನ್ಸರ್ ಜಾಸ್ತಿ ಸೂಕ್ಷ್ಮ, ನಿಜ. ಆದರೆ ಗೋಡೆಯ ದನಿಗೂ ಸೂಕ್ಷ್ಮ, ನಿಮ್ಮ ದನಿಗೂ ಅಷ್ಟೇ ಸೂಕ್ಷ್ಮ.

ಮೈಕ್‌ಮಂಜಣ್ಣ
ದೂರದ ಮಾತು ಒಪ್ಪಿದೆ. ತುಟಿಗೆ ಹಿಡಿಯಿರಿ ಎಂದು ಭಾಷಣಕಾರರಿಗೆ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಆದರೆ ಫೋನಿನ ಮೈಕು ಸುತ್ತಲಿನದೆಲ್ಲ ಹಿಡಿಯುತ್ತದೆ, ನಮ್ಮದು ಮುಂದಿನದು ಮಾತ್ರ ಹಿಡಿಯುತ್ತದೆ. ಅದು ಲಾಭವೋ ಅಲ್ಲವೋ?

ಡಬ್ಬಿಂಗ್‌ಬೆಕ್ಕು
ಲಾಭವೇ. ಒಂದೇ ದೂರದಲ್ಲಿ ಸುತ್ತಲಿನ ಗುಂಯ್ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಎರಡಡಿಯಿಂದ ನಾಲ್ಕಿಂಚಿಗೆ ಬಂದರೆ ಆಗುವ ಲಾಭ 36 ಪಟ್ಟು. ಅದು ಪುಕ್ಕಟೆ, ಇದಕ್ಕೆ 6,500.

ಮೂರನೇಮಹಡಿ
ನನ್ನ ಮಿಕ್ಸಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಗದಗಿನ_ಗಾದಿ
ಅಣ್ಣಾ, ಅದು ಬೇರೆ ರೋಗ. ಇಲ್ಲಿ ಮಾತಾಡುತ್ತಿರುವುದು ಒಳಗಿನ ಶಬ್ದ ಒಳಗೇ ತಿರುಗುವುದರ ಬಗ್ಗೆ. ನಿಮ್ಮದು ಹೊರಗಿನದು ಒಳಗೆ ಬರುವುದು. ಅದನ್ನು ತಡೆಯಲು ಭಾರ ಬೇಕು, ಸಂದು ಮುಚ್ಚಬೇಕು. ಬಾಗಿಲ ಕೆಳಗಿನ ಸಂದಿಗೆ ಹಳೇ ಚಾದರ ತುರುಕಿ ನೋಡಿ, ಅಷ್ಟು ಮಾಡಬಹುದು. ಗೋಡೆಗೆ ಸ್ಪಂಜ್ ಅಂಟಿಸಿದರೆ ಮಿಕ್ಸಿ ನಿಲ್ಲುವುದಿಲ್ಲ. ಸುಮ್ನೆ ಏಳು ಗಂಟೆ ಮೇಲೆ ರೆಕಾರ್ಡ್ ಮಾಡಿ.

ಇನ್ನು ಕಥೆಅಕ್ಕಗೆ: ಮನೆಯಲ್ಲಿ ಕೌದಿ ಇದೆಯೇ? ನಮ್ಮವ್ವ ಹೊಲಿದ ಕೌದಿ ನಾಲ್ಕಿವೆ ನಮ್ಮಲ್ಲಿ. ಹಳೇ ಸೀರೆ, ಧೋತರ ಎಲ್ಲ ಪದರ ಪದರ ಹಾಕಿ ಹೊಲಿದದ್ದು, ಎತ್ತಿದರೆ ಕೈ ಸೋಲಬೇಕು. ನಾನು ಹಾಡು ರೆಕಾರ್ಡ್ ಮಾಡುವಾಗ ಎರಡು ಕೌದಿಯನ್ನು ಹಗ್ಗಕ್ಕೆ ಹಾಕಿ ಹಿಂದೆ ಇಳಿಬಿಡುತ್ತೇನೆ, ಗಾದಿಯನ್ನು ಮುಂದಿನ ಗೋಡೆಗೆ ನಿಲ್ಲಿಸುತ್ತೇನೆ. ಮುಗಿಯಿತು. ಅವ್ವ ಮಾತ್ರ "ಹಾಸಿಗೆ ನಿಲ್ಲಿಸಬಾರದು, ಮನೆಗೆ ಒಳ್ಳೇದಲ್ಲ" ಎಂದು ಬೈಯುತ್ತಾಳೆ.

ಪಟಾಕಿ_ಪುಟ್ಟ
ಮೊಟ್ಟೆ ಟ್ರೇ ಹಾಕಿ! ಅಂಗಡಿಯಲ್ಲಿ ಪುಕ್ಕಟೆ ಕೊಡುತ್ತಾರೆ. ಸ್ಟುಡಿಯೋಗಳಲ್ಲೂ ಅದೇ ತರಹ ಇರುತ್ತದಲ್ಲ.

ಅಂಟಿಸಿ_ಸೋತವ
ಪುಟ್ಟ, ಬೇಡಪ್ಪ. ಎರಡು ವರ್ಷದ ಹಿಂದೆ ನಾನು ಅದೇ ಮಾಡಿದೆ. ಒಂದು ಗೋಡೆ ಪೂರ್ತಿ ಟ್ರೇ, ಫೆವಿಕಾಲ್ ಹಾಕಿ. ಚಪ್ಪಾಳೆ ತಟ್ಟಿದರೆ ಮೊದಲು ಬರುತ್ತಿದ್ದ ಟ್ರೀಂಯ್ ಶಬ್ದ ಸ್ವಲ್ಪ ಕಮ್ಮಿಯಾಯಿತು, ನಿಜ. ದನಿ ಮಾತ್ರ ಇನ್ನೂ ಕೆಟ್ಟಿತು. ಮೊದಲು ಬಚ್ಚಲು, ಆಮೇಲೆ ಹಂಡೆಯೊಳಗೆ ತಲೆ ಹಾಕಿ ಮಾತಾಡಿದ ಹಾಗೆ. ಜಿರಳೆ ಬಂದವು. ಓನರ್ ಅಡ್ವಾನ್ಸಿನಲ್ಲಿ ಪೇಂಟಿಂಗ್ ದುಡ್ಡು ಮುರಿದುಕೊಂಡರು.

ಡಬ್ಬಿಂಗ್‌ಬೆಕ್ಕು
"ಹಂಡೆ" ಅಂದಿರಲ್ಲ, ಅದು ಸರಿಯಾದ ಮಾತು. ಕಾರಣ ಇದು. ಗೋಡೆಗೆ ಅಂಟಿಕೊಂಡ ಜಾಗದಲ್ಲಿ ಗಾಳಿ ಆಡುವುದೇ ಇಲ್ಲ, ಗೋಡೆ ಬಿಡುವುದಿಲ್ಲ. ಬಟ್ಟೆ, ಹತ್ತಿ, ಸ್ಪಂಜ್ ಇವೆಲ್ಲ ಶಬ್ದವನ್ನು ತಿನ್ನುವುದು ಗಾಳಿ ಆಡುವ ಕಡೆ, ಎಳೆಗಳ ನಡುವೆ ಗಾಳಿ ಉಜ್ಜಿದಾಗ. ಕೀರಲು ದನಿಗೆ ಗೋಡೆಯಿಂದ ಒಂದಿಂಚಿನಲ್ಲೇ ಗಾಳಿ ಆಡುತ್ತದೆ. ದಪ್ಪ ದನಿಗೆ ಅಡಿಗಟ್ಟಲೆ ಈಚೆ ಬರಬೇಕು. ತೆಳ್ಳನೆಯದನ್ನು ಗೋಡೆಗೆ ಅಂಟಿಸಿದರೆ ಮೇಲಿನ ಸ್ವರ ಹೋಗಿ ಕೆಳಗಿನದು ಹಾಗೇ ಉಳಿಯುತ್ತದೆ. ಅದೇ ಹಂಡೆ. ಒಂದಿಂಚಿನ ಸ್ಪಂಜ್ ಚೌಕಗಳಿಗೂ ಇದೇ ಗತಿ. ಮೊಟ್ಟೆ ಟ್ರೇ ಅದಕ್ಕಿಂತಲೂ ತೆಳು, ಮೇಲಾಗಿ ಒಣ ಕಾಗದ, ಬೆಂಕಿ ತಗುಲಿದರೆ ಕಷ್ಟ.

ಗದಗಿನವರ ಕೌದಿ ಗೆಲ್ಲುವುದು ಇಲ್ಲೇ. ದಪ್ಪ ಇದೆ, ಹಗ್ಗದಲ್ಲಿ ಗೋಡೆ ಬಿಟ್ಟು ತೂಗುತ್ತದೆ. ಗೋಡೆಗೂ ಅದಕ್ಕೂ ಅರ್ಧ ಅಡಿ ಸಂದು ಬಿಡಿ, ಅದೇ ಕೌದಿ ಇನ್ನೂ ಕೆಳಗಿನ ಸ್ವರದವರೆಗೆ ಕೆಲಸ ಮಾಡುತ್ತದೆ.

ಜರ್ಸಿ_ಜೋಳದರೊಟ್ಟಿ
ನ್ಯೂಜೆರ್ಸಿಯಿಂದ. ಇಲ್ಲಿ ನನ್ನ ರೂಮಲ್ಲಿ ಏನೂ ಮಾಡದೆಯೇ ರೆಕಾರ್ಡಿಂಗ್ ಚೆನ್ನಾಗಿ ಬರುತ್ತದೆ. ನೆಲಕ್ಕೆ ಗೋಡೆಯಿಂದ ಗೋಡೆಗೆ ಕಾರ್ಪೆಟ್, ಗೋಡೆ ಎಂದರೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ, ಒಳಗೆ ಟೊಳ್ಳು. ಅದೇ ಮೈಕನ್ನು ರಜೆಗೆ ಮೈಸೂರಿಗೆ ತಂದಾಗ ಅಪ್ಪನ ಹೊಸ ಮನೆಯ ಹಾಲ್‌ನಲ್ಲಿ ದೇವಸ್ಥಾನದ ಪ್ರಾಂಗಣದ ಹಾಗೆ ಬಂತು. ಮೈಕ್ ಕೆಟ್ಟಿದೆ ಎಂದೇ ಅಂದುಕೊಂಡಿದ್ದೆ. ಇಲ್ಲಿನವರು ಮಾಡಿದ ಮೈಕ್ ರಿವ್ಯೂ ವಿಡಿಯೋ ನೋಡಿ ಅಲ್ಲಿ ತಗೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ವಿಡಿಯೋದಲ್ಲಿ ಕೇಳುವುದು ಅರ್ಧ ಮೈಕು, ಅರ್ಧ ಕಾರ್ಪೆಟ್ಟು.

ಕಥೆಅಕ್ಕ
ಅಯ್ಯೋ, ಇಷ್ಟೊಂದು ಉತ್ತರ! ಎರಡು ಪ್ರಶ್ನೆ. ರೂಮಲ್ಲಿ ಕೂತಾಗ ನನ್ನ ಕಿವಿಗೆ ಯಾಕೆ ಗೊತ್ತಾಗುವುದಿಲ್ಲ? ಮತ್ತೆ ಆದ ಎಂಟು ಕಥೆಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡಲು ಆಗುವುದಿಲ್ಲವೇ? ಆಡಾಸಿಟಿಯಲ್ಲಿ Noise Reduction ಹಾಕಿದೆ. ಫ್ಯಾನ್ ಶಬ್ದ ಹೋಯಿತು, ಗುಂಯ್ ಹಾಗೇ ಇದೆ.

ಡಬ್ಬಿಂಗ್‌ಬೆಕ್ಕು
ಮೊದಲನೆಯದಕ್ಕೆ ಒಂದು ಆಟ. ಯಾರನ್ನಾದರೂ ರೂಮಿನ ಆ ಕೊನೆಯಲ್ಲಿ ನಿಲ್ಲಿಸಿ ಮಾತಾಡಿಸಿ. ನೀವು ಒಂದು ಕಿವಿ ಬೆರಳಿಂದ ಮುಚ್ಚಿಕೊಳ್ಳಿ. ತಕ್ಷಣ ಗುಂಯ್ ಜಾಸ್ತಿ ಕೇಳುತ್ತದೆ. ಎರಡು ಕಿವಿ ಇದ್ದಾಗ ದನಿ ಯಾವ ಕಡೆಯಿಂದ ಬಂತು ಎಂದು ಮಿದುಳು ಹಿಡಿದುಕೊಂಡು ಗೋಡೆಯಿಂದ ಬಂದದ್ದನ್ನು ಒತ್ತಿ ಹಿಡಿಯುತ್ತದೆ. ಫೋನಿಗೆ ಒಂದೇ ಕಿವಿ.

ಎರಡನೆಯದು: ಫ್ಯಾನಿನ ಶಬ್ದ ಒಂದೇ ಸಮ ಇರುತ್ತದೆ, ಅದರ ಚಹರೆ ತೋರಿಸಿದರೆ ಸಾಫ್ಟ್‌ವೇರ್ ಕಳೆಯುತ್ತದೆ. ಗುಂಯ್ ಎಂದರೆ ನಿಮ್ಮದೇ ದನಿ, ಸ್ವಲ್ಪ ತಡವಾಗಿ ಬಂದದ್ದು. ಅದಕ್ಕೆ ಬೇರೆ ಚಹರೆ ಇಲ್ಲ. Noise Reduction ಹಾಕಿ ಕಳೆಯಲು ಹೋದರೆ ನೀವೂ ಕಳೆದುಹೋಗುತ್ತೀರಿ. ಎಂಟನ್ನೂ ಮತ್ತೆ ಓದುವುದೇ ಮೇಲು.

ಕನ್ನಡಮೇಷ್ಟ್ರು
ತಾಂತ್ರಿಕ ಮಾತು ನನಗೆ ಬಾರದು. ಹತ್ತನೇ ತರಗತಿಗೆ ಪದ್ಯಗಳನ್ನು ಓದಿ ರೆಕಾರ್ಡ್ ಮಾಡುವಾಗ ನಾನೇ ಕಂಡುಕೊಂಡ ಒಂದು ಪರೀಕ್ಷೆ ಹೇಳುತ್ತೇನೆ. ಸಜಾತೀಯ ಒತ್ತಕ್ಷರ ಇರುವ ಪದ ಹೇಳಿ: ಅಪ್ಪ, ಅಕ್ಕ, ಹತ್ತು, ಕಟ್ಟೆ, ಇಪ್ಪತ್ತು. "ಅಪ್ಪ" ಅನ್ನುವಾಗ ತುಟಿ ಮುಚ್ಚಿ ಒಂದು ಚೂರು ತಡೆದು ಬಿಡುತ್ತೇವೆ. ಆ ತಡೆಯಲ್ಲಿ ದನಿಯೇ ಇಲ್ಲ, ಪೂರ್ತಿ ಮೌನ. ಒಳ್ಳೆಯ ಜಾಗದಲ್ಲಿ ರೆಕಾರ್ಡ್ ಮಾಡಿದರೆ ಕಂಪ್ಯೂಟರಿನ ಗೆರೆಯಲ್ಲಿ ಅಲ್ಲಿ ಚಪ್ಪಟೆ ಕಾಣುತ್ತದೆ. ಕೆಟ್ಟ ರೂಮಲ್ಲಿ "ಅ"ದ ಬಾಲ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಕಿವಿಗೆ "ಅಪ"ದ ಹತ್ತಿರ ಕೇಳುತ್ತದೆ. ಒಮ್ಮೆ ಒಬ್ಬ ಹುಡುಗ ನನ್ನ ರೆಕಾರ್ಡಿಂಗ್ ಕೇಳಿ "ಹತ್ತಿ" ಇದ್ದಲ್ಲಿ "ಹತಿ" ಎಂದು ಬರೆದು ತಂದಿದ್ದ. ಅವನಿಗೆ ಅಂಕ ಕಳೆದಿದ್ದೆ, ಆಮೇಲೆ ಕೊಟ್ಟೆ.

ಡಬ್ಬಿಂಗ್‌ಬೆಕ್ಕು
ಮೇಷ್ಟ್ರೇ, ಇದು ನನಗೆ ಹನ್ನೆರಡು ವರ್ಷದಲ್ಲಿ ಹೊಳೆದಿರಲಿಲ್ಲ. ನಾವು ಚಪ್ಪಾಳೆ ತಟ್ಟಿಯೇ ನೋಡುತ್ತಿದ್ದೆವು. ಮಾತಿಗೆ ಮಾತಿನಿಂದಲೇ ಪರೀಕ್ಷೆ, ಬಹಳ ಸರಿ.

ಬಿಜಾಪುರ_ಬಿಸಿಲು
ಗೋಲಗುಂಬಜಿನಲ್ಲಿ ಪಿಸುಗುಟ್ಟಿದರೂ ಆ ಕಡೆ ಕೇಳುತ್ತದೆ, ಕೂಗಿದರೆ ಮತ್ತೆ ಮತ್ತೆ ಕೇಳುತ್ತದೆ. ಅಲ್ಲಿ ಹೋಗಿ ಕಥೆ ಹೇಳಿದರೆ ಒಂದು ಸಲ ಹೇಳಿದ್ದು ಏಳು ಮಕ್ಕಳಿಗೂ ಆಗುತ್ತದೆ.

ಡಬ್ಬಿಂಗ್‌ಬೆಕ್ಕು
ಅಲ್ಲಿ ಗೋಡೆ ದೂರ. ಅದಕ್ಕೇ ವಾಪಸ್ ಬಂದ ದನಿ ಬೇರೆಯಾಗಿ, ಎಣಿಸುವ ಹಾಗೆ ಕೇಳುತ್ತದೆ. 10 ಅಡಿ ರೂಮಲ್ಲಿ ಆ ಗೋಡೆಗೆ ಹೋಗಿ ಬರಲು ಸೆಕೆಂಡಿನ ಐವತ್ತನೇ ಒಂದು ಪಾಲೂ ಬೇಡ. ಎಲ್ಲ ಒಂದಕ್ಕೊಂದು ಅಂಟಿ ಗುಂಯ್ ಆಗುತ್ತದೆ.

ವಿಷಯ ಬಂತಲ್ಲ, ಒಂದು ಹಳೇ ಕಥೆ. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸದ ಹಾಲ್‌ನಲ್ಲಿ ಮೇಷ್ಟ್ರ ಪಾಠ ಯಾರಿಗೂ ಅರ್ಥ ಆಗುತ್ತಿರಲಿಲ್ಲ. ಒಂದು ಪದ ಐದೂವರೆ ಸೆಕೆಂಡ್ ಸುತ್ತುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ಭೌತಶಾಸ್ತ್ರದ ಯುವ ಅಧ್ಯಾಪಕರಿಗೆ ಸರಿಮಾಡಲು ಹೇಳಿದರು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟು ದಿಂಬುಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿಸಿ, ದನಿ ಸಾಯುವ ಹೊತ್ತು ಅಳೆದರು. ಮೇಲೆ ನಾನು ಕೊಟ್ಟ ಸೂತ್ರ ಅವರದೇ. ತೆರೆದ ಕಿಟಕಿಯ ಅಳತೆಯೂ ಅವರದೇ.

ಗದಗಿನ_ಗಾದಿ
ಅಂದರೆ ಅವರದೂ ಗಾದಿ ವಿದ್ಯೆಯೇ! ಅವ್ವನಿಗೆ ಹೇಳುತ್ತೇನೆ.

ಆನ್‌ಲೈನ್_ಆಂಟಿ
ನಾನು ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುತ್ತೇನೆ. ಸೀಟೆಲ್ಲ ಮೆತ್ತಗೆ, ಚೆನ್ನಾಗಿ ಬರುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ಬೇಯುತ್ತೇವೆ. ಹೊದಿಕೆ ತಲೆ ಮೇಲೆ ಹೊದ್ದೂ ನೋಡಿದೆ, ಉಸಿರು ಕಟ್ಟಿತು. ದನಿಯೂ ಕಿವಿಗೆ ಹತ್ತಿ ಇಟ್ಟ ಹಾಗೆ ಮಂಕು.

ಕಥೆಅಕ್ಕ
ಎರಡು ದಿನ ಆಯಿತು, ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಏನೂ ಬದಲಾಯಿಸದೆ "ಅಪ್ಪ, ಅಕ್ಕ, ಹತ್ತು, ಇಪ್ಪತ್ತು" ಹೇಳಿ ರೆಕಾರ್ಡ್ ಮಾಡಿದೆ. ಮೇಷ್ಟ್ರು ಹೇಳಿದ ಚಪ್ಪಟೆ ಎಲ್ಲೂ ಇಲ್ಲ. "ಇಪ್ಪತ್ತು" ಒಂದೇ ಉದ್ದ ಗುಡ್ಡದ ಹಾಗೆ ಇತ್ತು.

ಆಮೇಲೆ ಫೋನನ್ನು ನಾಲ್ಕಿಂಚಿಗೆ ತಂದೆ. ಗುಂಯ್ ಅರ್ಧಕ್ಕರ್ಧ ಹೋಯಿತು. ಆದರೆ "ಪ", "ಭ" ಬಂದಾಗೆಲ್ಲ ಫಟ್ ಫಟ್ ಅಂತ ಗಾಳಿ ಹೊಡೆಯಿತು. ಫೋನನ್ನು ಬಾಯಿಯ ಎದುರು ಬಿಟ್ಟು ಕೆನ್ನೆಯ ಕಡೆ, ತುಟಿಯ ಮೂಲೆಗೆ ಸರಿಸಿದೆ. ಗಾಳಿ ಪಕ್ಕದಲ್ಲಿ ಹೋಗುತ್ತದೆ, ದನಿ ಮಾತ್ರ ಸಿಗುತ್ತದೆ. ಮೊಬೈಲ್ ಸ್ಟ್ಯಾಂಡ್ ಬದಲು ಸ್ಟೀಲ್ ಡಬ್ಬಿಗಳನ್ನು ಪೇರಿಸಿದ್ದೆ, ಅವೇ ಟಿಂಗ್ ಅಂದವು! ಈಗ ಪುಸ್ತಕ ಪೇರಿಸಿ ಮೇಲೆ ಟವಲ್ ಹಾಕಿದ್ದೇನೆ. ಟೇಬಲ್ ಮೇಲೂ ದಪ್ಪ ಟವಲ್.

ಮೂರನೆಯದು, ಬಟ್ಟೆ ಒಣಗಿಸುವ ಸ್ಟ್ಯಾಂಡ್ ಬೆನ್ನ ಹಿಂದೆ ಇಟ್ಟು ಎರಡು ರಜಾಯಿ ಹಾಕಿದೆ, ಎದುರಿನ ಗೋಡೆಗೆ ಹತ್ತಿ ಹಾಸಿಗೆ ನಿಲ್ಲಿಸಿದೆ. ನೆಲಕ್ಕೆ ಜಮಖಾನ. ಅಂದಾಜು 60 ಚದರಡಿ ಮುಚ್ಚಿರಬಹುದು. ಈ ಸಲ "ಅಪ್ಪ"ದ ನಡುವೆ ಚಪ್ಪಟೆ ಕಂಡಿತು. ತಂಗಿಗೆ ಏನೂ ಹೇಳದೆ ಕಳಿಸಿದೆ. "ಮೈಕ್ ತಗೊಂಡ್ಯಾ, ಎಷ್ಟಾಯ್ತು?" ಅಂದಳು. ಖರ್ಚು ಒಂದು ಕಟ್ಟು ಕ್ಲಿಪ್ಪು.

ಡಬ್ಬಿಂಗ್‌ಬೆಕ್ಕು
ನೀವು ಹೇಳಿದ 60 ಚದರಡಿ ದಪ್ಪ ಬಟ್ಟೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೀರಿದರೂ 36 ಚದರಡಿ ಕಿಟಕಿ ತೆರೆದ ಹಾಗೆ. ಹಳೇ 25 ಸೇರಿ 61. ಎರಡು ಸೆಕೆಂಡ್ ಇದ್ದದ್ದು 0.8ಕ್ಕೆ ಇಳಿಯಿತು. ಜಮಖಾನವನ್ನು ಮಾತ್ರ ದೊಡ್ಡ ಲೆಕ್ಕಕ್ಕೆ ಹಿಡಿಯಬೇಡಿ, ತೆಳು.

ಮೈಕ್‌ಮಂಜಣ್ಣ
ಹಾಸಿಗೆ ಎದುರಿಗೆ ಯಾಕೆ? ಎಲ್ಲ ಬೆನ್ನ ಹಿಂದೆ ಹಾಕಬೇಕು. ಮೈಕು ನೋಡುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಗೋಡೆಯನ್ನು.

ಡಬ್ಬಿಂಗ್‌ಬೆಕ್ಕು
ದಿಕ್ಕು ಹಿಡಿಯುವ ಮೈಕಿಗೆ ನಿಮ್ಮ ಮಾತು ಸರಿ. ಅಕ್ಕನದು ಫೋನ್, ಅದಕ್ಕೆ ಹಿಂದೆ ಮುಂದೆ ಇಲ್ಲ. ಬಾಯಿ ಮಾತ್ರ ಮುಂದಕ್ಕೇ ಜೋರು. ಅದಕ್ಕೇ ಎದುರಿಗೂ ಇರಲಿ ಅನ್ನುತ್ತೇನೆ.

ಮೈಕ್‌ಮಂಜಣ್ಣ
ನಾನಾದರೆ ಬೆನ್ನ ಹಿಂದೆಯೇ ಹಾಕುತ್ತಿದ್ದೆ.

ಕಥೆಅಕ್ಕ
ಜಗಳ ಬೇಡ 🙏 ಇನ್ನೊಂದು ಸಮಸ್ಯೆ ಉಳಿದಿದೆ. ಒಂದು ಕಥೆಯಲ್ಲಿ ರಾಕ್ಷಸನ ಮಾತು ನಮ್ಮಪ್ಪನಿಂದ ಹೇಳಿಸಿದೆ. ನನ್ನ ದನಿ ಸರಿ ಬಂತು, ಅಪ್ಪನದು ಮಾತ್ರ ಕೆಲವು ಅಕ್ಷರಗಳಲ್ಲಿ ಬುಂ ಅನ್ನುತ್ತದೆ. ಅದೇ ರೂಮು, ಅದೇ ರಜಾಯಿ.

ಡಬ್ಬಿಂಗ್‌ಬೆಕ್ಕು
ಅದಕ್ಕೆ ರಜಾಯಿ ಸಾಲದು. 10 ಅಡಿ ಗೋಡೆಗಳ ನಡುವೆ ಕೆಲವು ಸ್ವರ ಮಾತ್ರ ಹೊಂದಿಕೊಂಡು ಉಬ್ಬುತ್ತವೆ. ಒಂದು ಸುಮಾರು 113 ಹರ್ಟ್ಸ್, ಅನೇಕ ಗಂಡಸರ ಮಾತಿನ ಸ್ವರ ಇರುವುದು ಅಲ್ಲೇ. ನಿಮ್ಮದು ಅದಕ್ಕಿಂತ ಮೇಲೆ. ನಿಮ್ಮ ರೂಮು ಉದ್ದ, ಅಗಲ, ಎತ್ತರ ಮೂರೂ ಒಂದೇ, ಹಾಗಾಗಿ ಮೂರು ದಿಕ್ಕಿನಿಂದಲೂ ಅದೇ ಸ್ವರ ಉಬ್ಬುತ್ತದೆ. ರೆಕಾರ್ಡಿಂಗಿಗೆ ಇದಕ್ಕಿಂತ ಕೆಟ್ಟ ಆಕಾರ ಇಲ್ಲ. ಆ ಸ್ವರ ಗೋಡೆಯ ಬುಡದಲ್ಲೂ ರೂಮಿನ ನಟ್ಟನಡುವೆಯೂ ಜೋರಾಗಿರುತ್ತದೆ, ಗೋಡೆಯಿಂದ ಎರಡೂವರೆ ಅಡಿಯ ಆಸುಪಾಸಲ್ಲಿ ಕಮ್ಮಿ. ಅಪ್ಪ ಎಲ್ಲಿ ಕೂತಿದ್ದರು?

ಕಥೆಅಕ್ಕ
ನಟ್ಟನಡುವೆ. ಫ್ಯಾನ್ ಕೆಳಗೆ.

ಡಬ್ಬಿಂಗ್‌ಬೆಕ್ಕು
ಎರಡು ಗೋಡೆಯಿಂದಲೂ ಎರಡೂವರೆ, ಮೂರಡಿ ಬಿಟ್ಟು ಕೂರಿಸಿ ನೋಡಿ. ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ, ಎತ್ತರದ ದಿಕ್ಕಿನದು ಉಳಿಯಬಹುದು.

ಕಥೆಅಕ್ಕ
ಕೇಳಿದೆ. ಫ್ಯಾನ್ ಆಫ್ ಮಾಡಿದ್ದರೂ ಪರವಾಗಿಲ್ಲವಂತೆ, ಕುರ್ಚಿ ಮಾತ್ರ ಅದರ ಕೆಳಗೇ ಇರಬೇಕಂತೆ.

ಸುಮ್ನೆಓದುವವ
ರಾಕ್ಷಸನಿಗೆ ಬುಂ ಇರಲಿ ಬಿಡಿ ಅಕ್ಕ. ಲಿಂಕ್ ಹಾಕಿ.